‘ಡಿಡ್’ ಬಂದಾಗ ‘ಸೋಲ್ಡ್’ ಏಕಿಲ್ಲ?

ಪ್ರಥಮ ಪಿಯುಸಿ ಗೆಳೆಯರ ಇಂಗ್ಲಿಷ್ ನೋಟ್ಸಿನಲ್ಲಿ ನಾನು ಹೆಚ್ಚಾಗಿ ಕಾಣುವ ತಪ್ಪು ಇದು: ‘ಸಲೀಂ ಡಿಡ್ ನಾಟ್ ಸೋಲ್ಡ್ ಕೊಪ್ರಾ’. ಉರ್ದುವಿನ ‘ಬೇಚಾ’ ನಿಷೇಧದಲ್ಲೂ ‘ನಹೀಂ ಬೇಚಾ’, ಕ್ರಿಯಾಪದ ಬದಲಾಗುವುದಿಲ್ಲ. ಮನೆಯಲ್ಲಿ ಉರ್ದು ಮಾತಾಡುವವರಿಗೆ ‘ಸೋಲ್ಡ್’ ಸರಿ ಎನಿಸುವುದು ಸಹಜ.

ಇಲ್ಲಿ ಕನ್ನಡ ನೆರವಿಗೆ ಬರುತ್ತದೆ. ‘ಸಲೀಂ ತಿಪಟೂರಿನಲ್ಲಿ ಕೊಬ್ಬರಿ ಮಾರಿದನು’ ಎಂಬುದಕ್ಕೆ ನಿಷೇಧ ‘ಮಾರಲಿಲ್ಲ’. ‘ಮಾರಿದನಿಲ್ಲ’ ಎಂದು ಯಾರೂ ಹೇಳುವುದಿಲ್ಲ. ‘ಇಲ್ಲ’ ಸೇರಿದೊಡನೆ ‘ಮಾರಿದನು’ ತನ್ನ ಭೂತಕಾಲದ ರೂಪ ಬಿಡುತ್ತದೆ. ಇಂಗ್ಲಿಷಿನಲ್ಲೂ ಹಾಗೆಯೇ. ಕಾಲದ ಹೊರೆಯನ್ನು ‘ಡಿಡ್’ ಹೊರುತ್ತದೆ, ‘ಸೋಲ್ಡ್’ ಮೂಲರೂಪಕ್ಕೆ ಮರಳುತ್ತದೆ: ‘ಸಲೀಂ ಡಿಡ್ ನಾಟ್ ಸೆಲ್ ಕೊಪ್ರಾ’.

ವರ್ತಮಾನಕಾಲದ ‘ಸೆಲ್ಸ್’ ಕೂಡ ಹೀಗೆಯೇ ‘ಡಸ್ ನಾಟ್ ಸೆಲ್’ ಆಗುತ್ತದೆ. ಐ, ಯೂ, ವಿ, ದೇ ಜೊತೆಗೆ ಮಾತ್ರ ‘ಡು ನಾಟ್ ಸೆಲ್’.

ಪ್ರಶ್ನೆಯಲ್ಲಿ ಮಾತ್ರ ಕನ್ನಡವನ್ನು ನಂಬಬೇಡಿ. ‘ಮಾರಿದನಾ?’ ಎಂಬಲ್ಲಿ ಭೂತಕಾಲ ಹಾಗೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ‘ಡಿಡ್’ ಕರ್ತೃವಿಗಿಂತ ಮೊದಲು ಬಂದು, ‘ಡಿಡ್ ಸಲೀಂ ಸೆಲ್ ಕೊಪ್ರಾ?’ ಎಂದಾಗುತ್ತದೆ.

ಈಸ್, ವಾಸ್, ಕ್ಯಾನ್ ಇರುವ ವಾಕ್ಯಕ್ಕೆ ಇದಾವುದೂ ಬೇಡ. ‘ಸಲೀಂ ವಾಸ್ ನಾಟ್ ದೇರ್’ ಸಾಕು. ಉಳಿದೆಡೆ ‘ಡಿಡ್’ ಕೆಳಗೆ ಗೆರೆ ಎಳೆದು ನೋಡಿ: ಅದರ ಜೊತೆಯ ಕ್ರಿಯಾಪದವೂ ಭೂತಕಾಲದಲ್ಲಿದ್ದರೆ ವಾಕ್ಯ ತಪ್ಪು.