ಜುಮ್ಮೆಂದರೆ ಶಕ್ತಿ ಬಂತು ಅಂತಲ್ಲ

ನಮ್ಮ ಬೀದಿಯ ಜಿಮ್ಮಿನಲ್ಲಿ ಹುಡುಗನೊಬ್ಬ ಶೇಕರ್ ಕುಲುಕಿ ಗಟಗಟನೆ ಕುಡಿದ. ಕಾಲು ಗಂಟೆ ಕಳೆಯುವಷ್ಟರಲ್ಲಿ ಕಿವಿ, ಕೆನ್ನೆ, ಕತ್ತು ಕೆರೆದುಕೊಳ್ಳತೊಡಗಿದ. "ಹಿಡೀತು ಅಣ್ಣಾ, ಮಾಲು ಅಸಲಿ" ಅಂದ.

ಅದು ಬೀಟಾ ಅಲನಿನ್ ಕೊಡುವ ಜುಮುಜುಮು. ಒಂದೇ ಸಲಕ್ಕೆ ಸುಮಾರು 800 ಮಿಲಿಗ್ರಾಂ ದಾಟಿದರೆ ಅದು ಚರ್ಮದ ನರತುದಿಗಳನ್ನು ಕೆಣಕುತ್ತದೆ. ಅಪಾಯವೇನಿಲ್ಲ, ಗಂಟೆ ಒಂದೂವರೆ ಗಂಟೆಯಲ್ಲಿ ಇಳಿಯುತ್ತದೆ. ಆದರೆ ಆ ನವೆಗೂ ಸ್ನಾಯುವಿನ ಬಲಕ್ಕೂ ನಂಟಿಲ್ಲ. ಸ್ನಾಯುವಿನೊಳಗೆ ಬೀಟಾ ಅಲನಿನ್‌ನಿಂದ ಕಾರ್ನೋಸಿನ್ ಎಂಬ ವಸ್ತು ತಯಾರಾಗುತ್ತದೆ. ಜೋರಾಗಿ ದುಡಿಯುವಾಗ ಸ್ನಾಯುವಿನಲ್ಲಿ ಏರುವ ಆಮ್ಲೀಯತೆಯನ್ನು ತಗ್ಗಿಸುವುದು ಈ ಕಾರ್ನೋಸಿನ್. ಅದರ ದಾಸ್ತಾನು ತುಂಬಬೇಕಾದರೆ ದಿನವೂ 3.2ರಿಂದ 6.4 ಗ್ರಾಂನಂತೆ ನಾಲ್ಕು ವಾರವಾದರೂ ತಿನ್ನಬೇಕು. ಬೆಳಿಗ್ಗೆ ತಿಂದರೂ ಒಂದೇ, ರಾತ್ರಿ ತಿಂದರೂ ಒಂದೇ. ಅಷ್ಟು ಮಾಡಿದ ಮೇಲೂ ಲಾಭ ಸಣ್ಣದು. ಒಂದರಿಂದ ನಾಲ್ಕು ನಿಮಿಷ ಉಸಿರುಗಟ್ಟಿ ಮಾಡುವ ಕಸರತ್ತಿನಲ್ಲಿ, ಅಂದರೆ 800 ಮೀಟರ್ ಓಟದಂಥದ್ದರಲ್ಲಿ, ಅದು ಹೆಚ್ಚು ಕಾಣುತ್ತದೆ. ಐದಾರು ಸಲ ಭಾರ ಎತ್ತಿ ಕೆಳಗಿಡುವವನಿಗೆ ಹೆಚ್ಚೇನೂ ಸಿಗದು. ಹಾಗಿದ್ದೂ ಕಸರತ್ತಿಗೆ ಮುಂಚೆ ಕುಡಿಯುವ ಪುಡಿಗೇ ಅದನ್ನು ಸುರಿಯುವುದೇಕೆ? ಗಿರಾಕಿಗೆ ಏನಾದರೂ ಅನ್ನಿಸಬೇಕಲ್ಲ!

ಹುಡುಗನ ಡಬ್ಬ ತಿರುಗಿಸಿ ಓದಿದೆ. ಒಂದು ಸ್ಕೂಪಿಗೆ ಬೀಟಾ ಅಲನಿನ್ 1.6 ಗ್ರಾಂ, ಸಿಟ್ರುಲಿನ್ ಮ್ಯಾಲೇಟ್ 3 ಗ್ರಾಂ, ಕೆಫೀನ್ 200 ಮಿಲಿಗ್ರಾಂ. ಅವನು ಜಿಮ್ಮಿಗೆ ಬರುವುದು ವಾರಕ್ಕೆ ನಾಲ್ಕು ದಿನ, ಕುಡಿಯುವುದೂ ಅಷ್ಟೇ ದಿನ. ಬೀಟಾ ಅಲನಿನ್ ವಾರಕ್ಕೆ 6.4 ಗ್ರಾಂ ಆಯಿತು. ಬೇಕಾದದ್ದು ಕನಿಷ್ಠ 22.

ಸಿಟ್ರುಲಿನ್ ಮೊದಲು ಸಿಕ್ಕಿದ್ದು ಕಲ್ಲಂಗಡಿಯಲ್ಲಿ. ಮೂತ್ರಪಿಂಡದಲ್ಲಿ ಅರ್ಜಿನಿನ್ ಆಗಿ, ಅದರಿಂದ ರಕ್ತನಾಳ ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ ಎನ್ನುವುದು ಲೆಕ್ಕಾಚಾರ. ನೇರವಾಗಿ ಅರ್ಜಿನಿನ್ ತಿಂದರೆ ಬಹುಪಾಲು ಕರುಳು, ಯಕೃತ್ತಿನಲ್ಲೇ ಒಡೆದುಹೋಗುತ್ತದೆ, ಹಾಗಾಗಿ ಈ ಸುತ್ತುದಾರಿ. 2010ರ ಒಂದು ಅಧ್ಯಯನದಲ್ಲಿ 8 ಗ್ರಾಂ ಕುಡಿದವರು ಕೊನೆಯ ಸುತ್ತುಗಳಲ್ಲಿ ಅರ್ಧಕ್ಕರ್ಧ ಹೆಚ್ಚು ಬೆಂಚ್ ಪ್ರೆಸ್ ಮಾಡಿದರು. ಜಾಹೀರಾತುಗಳು ಹಿಡಿದುಕೊಂಡದ್ದು ಅದನ್ನೇ. ಆಮೇಲಿನ ಪರೀಕ್ಷೆಗಳಲ್ಲಿ ಕೆಲವು ಎರಡು ಮೂರು ಸಲ ಹೆಚ್ಚು ಎತ್ತಿಸಿದವು, ಕೆಲವು ಏನೂ ತೋರಿಸಲಿಲ್ಲ. ನನ್ನ ತೀರ್ಪು: ಇರಬಹುದು, ಆದರೆ 3 ಗ್ರಾಂನಲ್ಲಿ ನಿರೀಕ್ಷಿಸಬೇಡಿ.

ಉಳಿದದ್ದು ಕೆಫೀನ್. ಇದಕ್ಕೆ ಪುರಾವೆ ಗಟ್ಟಿಯಾಗಿದೆ: ಮೈತೂಕದ ಕಿಲೋಗೆ 3 ಮಿಲಿಗ್ರಾಂ, ಒಂದು ಗಂಟೆ ಮುಂಚೆ. ಹುಡುಗನ ತೂಕ 62 ಕಿಲೋ, ಅಂದರೆ 186 ಮಿಲಿಗ್ರಾಂ. ಅವನ ಡಬ್ಬದಲ್ಲಿ ಸರಿಯಾದ ಪ್ರಮಾಣದಲ್ಲಿ ಇರುವುದು ಇದೊಂದೇ. ಸಂಜೆ ಏಳಕ್ಕೆ ಕುಡಿದರೆ ನಡುರಾತ್ರಿಗೂ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಅಂಶಗಳ ತೂಕವನ್ನು ಬೇರೆಬೇರೆಯಾಗಿ ಬರೆಯದೆ 'ವಿಶೇಷ ಮಿಶ್ರಣ' ಎಂದು ಒಟ್ಟು ತೂಕವಷ್ಟೇ ಕೊಟ್ಟ ಡಬ್ಬವಾದರೆ ಈ ಲೆಕ್ಕವನ್ನೂ ಹಾಕಲಾಗದು. ಅಂಥದ್ದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.