ಅಂಗಡಿಯಲ್ಲಿ ಹತ್ತು ಪ್ಯಾಕೆಟ್ ಹೆಚ್ಚು ಹೋದರೆ ಬೀಜದ ಪ್ಲಾಟ್ ಯಾಕೆ ಏರಿಳಿಯುತ್ತೆ?

ರಾಣೆಬೆನ್ನೂರು, ಹಾವೇರಿ ಕಡೆ ಟೊಮೆಟೊ, ಮೆಣಸಿನಕಾಯಿ ಹೈಬ್ರಿಡ್ ಬೀಜೋತ್ಪಾದನೆ ಮಾಡುವ ರೈತರಿಗೆ ಈ ಮಾತು ಹೊಸದಲ್ಲ. ಒಂದು ವರ್ಷ ಆರ್ಗನೈಸರ್ ತಾನಾಗೇ ಮನೆಗೆ ಬರ್ತಾನೆ. "10 ಗುಂಟೆ ಸಾಲಂಗಿಲ್ಲ ಕಾಕಾ, ಈ ಸಲ 20 ಗುಂಟೆ ಮಾಡ್ರಿ, ಕಂಪನಿಗೆ ಬೀಜಾನ ಸಾಲವಲ್ದು" ಅಂತಾನೆ. ರೈತ ಸಾಲ ಮಾಡಿ ಇನ್ನೊಂದು ನೆಟ್ ಹಾಕ್ತಾನೆ, ಕ್ರಾಸಿಂಗ್ ಮಾಡೋಕೆ ಆಳು ಹುಡುಕ್ತಾನೆ. ಮುಂದಿನ ವರ್ಷ ಅದೇ ಆರ್ಗನೈಸರ್, "ಈ ಸಲ ಪ್ಲಾಟ್ ಇಲ್ರಿ, ಗೋದಾಮು ತುಂಬೇತಿ" ಅಂದುಬಿಡ್ತಾನೆ.

ಹಾಗಾದರೆ ನಾಟಿ ಮಾಡುವ ರೈತರು ಆ ತಳಿಯನ್ನೇ ಬಿಟ್ಟರಾ? ಬಹಳ ಸಲ ಇಲ್ಲ. ಕೋಲಾರದ ಕಡೆ ಅಂಗಡಿಯಲ್ಲಿ ಆ ಪ್ಯಾಕೆಟ್ ಹೆಚ್ಚುಕಡಿಮೆ ಮೊದಲಿನಷ್ಟೇ ಮಾರಾಟವಾಗ್ತಾ ಇರುತ್ತೆ. ಅಲ್ಲಿ ಸ್ವಲ್ಪ ಏರಿ ಸ್ವಲ್ಪ ಇಳಿದದ್ದು ಇಲ್ಲಿಗೆ ಬರುವಷ್ಟರಲ್ಲಿ ಹಲವು ಪಟ್ಟು ಆಗಿರುತ್ತೆ. ಇದಕ್ಕೆ ಇಂಗ್ಲಿಷಿನಲ್ಲಿ 'ಬುಲ್‌ವಿಪ್ ಎಫೆಕ್ಟ್' ಅನ್ನುತ್ತಾರೆ, ನಾವು ಬಾರುಕೋಲಿನ ಪರಿಣಾಮ ಅನ್ನಬಹುದು. ಹಿಡಿಯ ಹತ್ತಿರ ಕೈ ಗೇಣುದ್ದ ಆಡಿದರೆ ಬಾರಿನ ತುದಿ ಮಾರುದ್ದ ಹಾರುತ್ತಲ್ಲ, ಹಾಗೆ. ಇಂಥ ಏರಿಳಿತವನ್ನು ಅಮೆರಿಕದ ಎಂಐಟಿಯ ಜೇ ಫಾರೆಸ್ಟರ್ 1958ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಬುಲ್‌ವಿಪ್ ಎಂಬ ಹೆಸರು ಬಂದದ್ದು ಆಮೇಲೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯವರು ಮಕ್ಕಳ ಡಯಾಪರ್ ಆರ್ಡರ್‌ಗಳನ್ನು ನೋಡಿದಾಗ ಅವರಿಗೂ ಇದೇ ಕಂಡಿತು. ಮಕ್ಕಳು ದಿನಾ ಒಂದೇ ಲೆಕ್ಕದಲ್ಲಿ ಡಯಾಪರ್ ಬಳಸುತ್ತಿದ್ದರೂ ಡೀಲರುಗಳ ಆರ್ಡರ್ ಮಾತ್ರ ವಿಪರೀತ ಏರಿಳಿಯುತ್ತಿತ್ತು.

ಟೊಮೆಟೊ ಬೀಜದ್ದೇ ಒಂದು ಲೆಕ್ಕ ಹಾಕೋಣ. ಅಂಕಿಗಳು ನಾವೇ ಇಟ್ಟುಕೊಂಡದ್ದು, ಪೆನ್ನು ಹಿಡಿದು ನೀವೂ ಮಾಡಿ ನೋಡಿ. ಅಂಗಡಿ, ಡಿಸ್ಟ್ರಿಬ್ಯೂಟರ್, ಕಂಪನಿ ಹೀಗೆ ಮೂರು ಹಂತ. ವಾರಕ್ಕೆ 100 ಪ್ಯಾಕೆಟ್ ಮಾರಾಟ. ಮುಂದಿನ ಎರಡು ವಾರಕ್ಕೆ ಸಾಕಾಗುವಷ್ಟು, ಅಂದರೆ 200 ಪ್ಯಾಕೆಟ್ ಸ್ಟಾಕ್ ಇರಬೇಕು ಅನ್ನೋದು ಮೂರೂ ಜನರ ಪದ್ಧತಿ.

ಒಂದು ವಾರ ಅಂಗಡಿಯಲ್ಲಿ 110 ಹೋಯ್ತು. ಉಳಿದದ್ದು 90. ಅಂಗಡಿಯವನು "ಇನ್ನು ಮೇಲೆ ವಾರಕ್ಕೆ 110 ಬೇಕಾಗುತ್ತೆ" ಅಂದುಕೊಳ್ತಾನೆ, ಎರಡು ವಾರಕ್ಕೆ 220. ಹಾಗಾಗಿ 130ಕ್ಕೆ ಆರ್ಡರ್ ಹಾಕ್ತಾನೆ. ಡಿಸ್ಟ್ರಿಬ್ಯೂಟರಿಗೆ 110ರ ವಿಷಯ ಗೊತ್ತಿಲ್ಲ, ಅವನಿಗೆ ಕಾಣೋದು 130 ಮಾತ್ರ. 200ರಲ್ಲಿ 130 ಕಳಿಸಿದ ಮೇಲೆ 70 ಉಳೀತು. ಈಗ ಅವನ ಎರಡು ವಾರದ ಲೆಕ್ಕ 260. ಆರ್ಡರ್ 190. ಕಂಪನಿ ಗೋದಾಮಿನಿಂದ 190 ಹೋಯ್ತು, ಉಳಿದದ್ದು ಬರೀ 10. ಎರಡು ವಾರಕ್ಕೆ 380 ಬೇಕು ಅಂತ 370 ಪ್ಯಾಕೆಟ್ ತಯಾರಿಸೋಕೆ ಹೊರಡುತ್ತೆ. ಅಂಗಡಿಯಲ್ಲಿ ನೂರಕ್ಕೆ 10 ಹೆಚ್ಚಾದದ್ದು ಮೇಲೆ ನೂರಕ್ಕೆ 270 ಹೆಚ್ಚಾಯ್ತು.

ಮುಂದಿನ ವಾರ ಮಾರಾಟ ಮತ್ತೆ 100ಕ್ಕೆ ಬಂತು ಅನ್ನಿ. ಅಂಗಡಿಯಲ್ಲಿ 220ರಲ್ಲಿ 120 ಉಳಿದಿದೆ, ಬೇಕಾದದ್ದು 200, ಆರ್ಡರ್ 80. ಡಿಸ್ಟ್ರಿಬ್ಯೂಟರ್ ಹತ್ತಿರ 260ರಲ್ಲಿ 80 ಹೋಗಿ 180 ಉಳಿದಿದೆ, ಅವನ ಹೊಸ ಲೆಕ್ಕಕ್ಕೆ 160 ಸಾಕು. ಆರ್ಡರ್ ಸೊನ್ನೆ! ಕಂಪನಿ ಕೈಯಲ್ಲಿ 380 ಪ್ಯಾಕೆಟ್, ಕೇಳೋರಿಲ್ಲ.

ಇಲ್ಲಿ ಯಾರೂ ಮೋಸ ಮಾಡಲಿಲ್ಲ, ಯಾರ ಗಣಿತವೂ ತಪ್ಪಲಿಲ್ಲ. ಪ್ರತಿಯೊಬ್ಬನೂ ಕೆಳಗಿನವನ ಆರ್ಡರನ್ನೇ ನಿಜವಾದ ಬೇಡಿಕೆ ಅಂದುಕೊಂಡ. ಆ ಆರ್ಡರಿನಲ್ಲಿ ಮಾರಾಟವೂ ಇದೆ, ಸ್ಟಾಕ್ ತುಂಬಿಸಿಕೊಳ್ಳೋದೂ ಇದೆ. ಎರಡೂ ಒಂದೇ ಅಂಕಿಯಲ್ಲಿ ಬೆರೆತು ಹೋಗುತ್ತೆ. ಮೂವರೂ "ಒಂದು ವಾರದ ಮಾರಾಟ ನೋಡಿ ಸ್ಟಾಕಿನ ಲೆಕ್ಕ ಬದಲಾಯಿಸಲ್ಲ, 200ಕ್ಕೇ ತುಂಬಿಸ್ತೀನಿ" ಅಂದಿದ್ದರೆ ಅಂಗಡಿಯಿಂದ ಕಂಪನಿವರೆಗೂ ಆರ್ಡರ್ 110 ಆಗಿಯೇ ಇರುತ್ತಿತ್ತು.

ಮೇಲಿನ ಲೆಕ್ಕದಲ್ಲಿ ಮಾಲು ಕೇಳಿದ ಕೂಡಲೇ ಬಂತು. ಬೀಜದಲ್ಲಿ ಹಾಗಾಗಲ್ಲ. ಸಂಜೆ ಹೂವಿನ ಗಂಡು ಭಾಗ ಕಿತ್ತು, ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸಿ, ಹಣ್ಣು ಮಾಗಿಸಿ, ಬೀಜ ತೆಗೆದು ಒಣಗಿಸಿ, ಆಮೇಲೆ ಮೊಳಕೆ ಪರೀಕ್ಷೆ, ತಳಿ ಶುದ್ಧತೆಗೆ ಗಿಡ ಬೆಳೆಸಿ ನೋಡೋ ಪರೀಕ್ಷೆ. ಒಂದು ಹಂಗಾಮು ಪೂರ್ತಿ ಇದಕ್ಕೇ ಬೇಕು. ಬೀಜ ಸಿಗದೆ ಇರುವ ಈ ತಿಂಗಳುಗಳಲ್ಲಿ ಕೆಳಗಿನವರ ಆರ್ಡರ್ ಇನ್ನೂ ಉಬ್ಬುತ್ತೆ.

ಅದು ಹೇಗೆ ಅಂದರೆ, "ಬೀಜ ಕಮ್ಮಿ ಇದೆ, ಕೇಳಿದ್ದರಲ್ಲಿ ಅರ್ಧ ಕೊಡ್ತೀವಿ" ಅಂತ ಕಂಪನಿ ಹೇಳಿದ ಕೂಡಲೇ 100 ಬೇಕಾದ ಅಂಗಡಿಯವನು 200 ಬರೆಸ್ತಾನೆ. ರೈತರೂ ಕಮ್ಮಿ ಇಲ್ಲ, ಸಸಿ ಸಿಗುತ್ತೋ ಇಲ್ಲವೋ ಅಂತ ಒಂದೇ ಎಕರೆಗೆ ಮೂರು ನರ್ಸರಿಯಲ್ಲಿ ಹೆಸರು ಬರೆಸ್ತಾರೆ. ಮೊದಲು ಕೊಟ್ಟ ಕಡೆ ಎತ್ತಿಕೊಂಡು ಉಳಿದ ಎರಡು ಕಡೆ ಫೋನ್ ಎತ್ತಲ್ಲ. ಜೊತೆಗೆ ಮುಂಗಡ ಬುಕಿಂಗಿಗೆ ರಿಯಾಯಿತಿ ಸ್ಕೀಮ್ ಇದ್ದರೆ ನಾಲ್ಕು ತಿಂಗಳ ಮಾಲನ್ನು ಅಂಗಡಿಗಳು ಒಂದೇ ತಿಂಗಳಲ್ಲಿ ಎತ್ತುತ್ತವೆ. ಬೀಜದ ವ್ಯಾಪಾರದಲ್ಲಿ ಉಳಿದ ಪ್ಯಾಕೆಟ್ ವಾಪಸ್ ತೆಗೆದುಕೊಳ್ಳುವ ಪದ್ಧತಿಯೂ ಇದೆ. ವಾಪಸ್ ಹೋಗುತ್ತೆ ಅನ್ನೋ ಧೈರ್ಯ ಇದ್ದ ಮೇಲೆ ಹೆಚ್ಚು ಬರೆಸೋಕೆ ಯಾರಿಗೆ ಏನು ಕಷ್ಟ? ನನ್ನ ಪ್ರಕಾರ ನಮ್ಮಲ್ಲಿ ಏರಿಳಿತವನ್ನು ಅತಿ ಹೆಚ್ಚು ಬೆಳೆಸೋದು ಈ ವಾಪಸಾತಿಯೇ.

ಒಂದು ಮಾತು ಗಮನದಲ್ಲಿರಲಿ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಅಂಥ ಬೆಲೆ ನೋಡಿ ಜನ ನಿಜವಾಗಿಯೂ ಹೆಚ್ಚು ನಾಟಿ ಮಾಡಿದರೆ ಅದು ನಿಜವಾದ ಬೇಡಿಕೆ, ಅದರಿಂದ ಆಮೇಲೆ ಬೆಲೆ ಬೀಳೋದು ಬೇರೆ ಕಥೆ. ಬಾರುಕೋಲಿನ ಪರಿಣಾಮ ಅಂದರೆ ನಾಟಿ ಹೆಚ್ಚಿದ್ದಕ್ಕಿಂತ ಎಷ್ಟೋ ಪಟ್ಟು ಆರ್ಡರ್ ಹೆಚ್ಚೋದು.

ಎರಡನ್ನೂ ಬೇರೆ ಮಾಡಿ ನೋಡೋದು ಕಷ್ಟವಲ್ಲ. ಎಫ್‌ಪಿಒ ಅಂಗಡಿ ಅಥವಾ ನರ್ಸರಿ ನಡೆಸುವವರು ರೈತರಿಗೆ ಮಾರಿದ್ದನ್ನು ಒಂದು ಸಾಲಿನಲ್ಲಿ, ಮೇಲಕ್ಕೆ ಆರ್ಡರ್ ಹಾಕಿದ್ದನ್ನು ಪಕ್ಕದ ಸಾಲಿನಲ್ಲಿ ವಾರವಾರ ಬರೆಯಿರಿ. ಮಾರಾಟ 90ರಿಂದ 110ರ ಒಳಗೆ ಆಡ್ತಿದ್ದು ಆರ್ಡರ್ ಸೊನ್ನೆಯಿಂದ 200ರವರೆಗೆ ಹಾರುತ್ತಿದ್ದರೆ ಏರಿಳಿತ ನಿಮ್ಮ ಅಂಗಡಿಯಲ್ಲೇ ಹುಟ್ಟುತ್ತಿದೆ. ಸ್ಟಾಕಿನ ಲೆಕ್ಕವನ್ನು ಕೊನೆಯ ವಾರದ ಮೇಲೆ ಇಡಬೇಡಿ, ಏಳೆಂಟು ವಾರದ ಸರಾಸರಿ ತೆಗೆಯಿರಿ. ತಿಂಗಳಿಗೊಮ್ಮೆ ದೊಡ್ಡ ಆರ್ಡರ್ ಹಾಕೋ ಬದಲು ವಾರಕ್ಕೊಮ್ಮೆ ಸಣ್ಣದಾಗಿ ಹಾಕಿ, ಆರ್ಡರ್ ಚೀಟಿಯಲ್ಲೇ ಆ ವಾರದ ಮಾರಾಟ, ಕೈಯಲ್ಲಿರೋ ಸ್ಟಾಕ್ ಎರಡನ್ನೂ ಬರೆದು ಕಳಿಸಿ. ನರ್ಸರಿಯವರು ಬುಕಿಂಗಿಗೆ ಸ್ವಲ್ಪ ಮುಂಗಡ ತೆಗೆದುಕೊಂಡರೆ ಸುಳ್ಳು ಬುಕಿಂಗ್ ಕಮ್ಮಿಯಾಗುತ್ತೆ.

ಬೀಜೋತ್ಪಾದನೆ ಮಾಡುವವರು ಪ್ಲಾಟ್ ದುಪ್ಪಟ್ಟು ಮಾಡುವ ಮೊದಲು ಆರ್ಗನೈಸರ್ ಹತ್ತಿರ ಎರಡು ಪ್ರಶ್ನೆ ಕೇಳಿ. ಹೋದ ಹಂಗಾಮಿನಲ್ಲಿ ಅಂಗಡಿಗಳಿಂದ ಎಷ್ಟು ಪ್ಯಾಕೆಟ್ ವಾಪಸ್ ಬಂತು? ಈಗಿನ ಬೇಡಿಕೆ ಡೀಲರ್ ಬುಕಿಂಗಾ, ರೈತರಿಗೆ ಮಾರಿದ ಲೆಕ್ಕವಾ? ಅವನಿಗೆ ಗೊತ್ತಿಲ್ಲದಿದ್ದರೆ ಪೇಟೆಗೆ ಹೋದಾಗ ನೀವೇ ನಾಲ್ಕು ಅಂಗಡಿಯಲ್ಲಿ ಅದೇ ತಳಿಯ ಪ್ಯಾಕೆಟ್ ತಿರುಗಿಸಿ ನೋಡಿ. ಅವಧಿ ಮುಗಿಯೋಕೆ ಬಂದ ಪ್ಯಾಕೆಟ್‌ಗಳು ರಾಶಿ ಬಿದ್ದಿದ್ದು, ಆರ್ಗನೈಸರ್ ಮಾತ್ರ "ಬೀಜ ಸಾಲವಲ್ದು" ಅನ್ನುತ್ತಿದ್ದರೆ ಹೊಸ ನೆಟ್ಟಿಗೆ ಸಾಲ ಮಾಡಬೇಡಿ, ಇರೋ 10 ಗುಂಟೆಯಲ್ಲೇ ಮಾಡಿ. ಹೆಚ್ಚು ಮಾಡಲೇಬೇಕು ಅಂದರೆ ಎಷ್ಟು ಕೆ.ಜಿ. ತೆಗೆದುಕೊಳ್ತಾರೆ, ಪರೀಕ್ಷೆ ಆದ ಎಷ್ಟು ದಿನಕ್ಕೆ ದುಡ್ಡು ಅನ್ನೋದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಕಂಪನಿ ತಂದೆ-ತಾಯಿ ಸಾಲಿನ ಬೀಜ ಕೊಡುವ ಮೊದಲೇ ಇದು ಆಗಬೇಕು, ಸಸಿ ನೆಟ್ಟ ಮೇಲೆ ಕೇಳಿದರೆ ಪ್ರಯೋಜನ ಇಲ್ಲ.