ಲ್ಯಾಪ್‌ಟಾಪ್ ಹಿಂಬದಿ ಬಿಚ್ಚೋ ಮುಂಚೆ: ಹಾಸ್ಟೆಲ್ ವಿದ್ಯಾರ್ಥಿ ಕೈಲಿ ಏನಿರಬೇಕು, ತಲೇಲಿ ಏನಿರಬೇಕು?

ಸೆಮಿಸ್ಟರ್ ಶುರುವಾಗಿ ತಿಂಗಳಾದರೆ ಸಾಕು, ತಾಲೂಕಿನ ಯಾವ ಹಾಸ್ಟೆಲ್‌ಗೆ ಹೋದರೂ ಒಂದೇ ದೂರು: ಲ್ಯಾಪ್‌ಟಾಪ್ ಸ್ಲೋ. ಪ್ರಾಜೆಕ್ಟ್ ಸಾಫ್ಟ್‌ವೇರ್ ಒಂದು ಕಡೆ, ಬ್ರೌಸರ್ ಒಂದು ಕಡೆ ತೆರೆದರೆ ಸ್ಕ್ರೀನ್ ಅಲ್ಲೇ ನಿಂತುಬಿಡುತ್ತೆ. ಇನ್ನೊಂದು 8 ಜಿಬಿ ರ್‍ಯಾಮ್ ಹಾಕಿದರೆ ಸರಿಹೋಗುತ್ತೆ ಅಂತ ಸೀನಿಯರ್ ಹೇಳುತ್ತಾನೆ. ಯೂಟ್ಯೂಬ್‌ನಲ್ಲಿ ಹತ್ತು ನಿಮಿಷದ ವಿಡಿಯೋನೂ ಸಿಗುತ್ತೆ.

ಕೆಲಸ ನಿಜಕ್ಕೂ ಕಷ್ಟದ್ದಲ್ಲ. ಆದರೆ ವಿಡಿಯೋದಲ್ಲಿ ಕಾಣದ ಸಣ್ಣ ತಪ್ಪುಗಳೇ ದುಬಾರಿ ಆಗೋದು. ಬ್ಯಾಟರಿ ಕನೆಕ್ಟರ್ ಬಿಚ್ಚದೆ ಕೈ ಹಾಕಿದರೆ ಮದರ್‌ಬೋರ್ಡ್ ಶಾರ್ಟ್ ಆಗಬಹುದು. ಉದ್ದದ ಸ್ಕ್ರೂ ಗಿಡ್ಡ ತೂತಿಗೆ ಹೋದರೆ ಕೀಬೋರ್ಡ್ ಕಡೆ ಉಬ್ಬು ಬರುತ್ತೆ. ಅಪ್ಪ ಸಾಲ ಮಾಡಿ ಕೊಡಿಸಿದ ಲ್ಯಾಪ್‌ಟಾಪ್ ಹೀಗೆ ಕೆಟ್ಟರೆ ಪ್ರಾಜೆಕ್ಟ್ ಕಥೆ ಅಲ್ಲಿಗೆ ಮುಗೀತು.

ಮೊದಲು ನೋಡಿ, ಬಿಚ್ಚೋ ಅಗತ್ಯ ಇದೆಯಾ?

ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಅನ್ನು ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ಅಂಥದ್ದನ್ನು ಬಿಚ್ಚಿದರೂ ಹೊಸದು ಹಾಕೋಕೆ ಜಾಗವೇ ಇರಲ್ಲ. ಇದನ್ನು ಸ್ಕ್ರೂಡ್ರೈವರ್ ಮುಟ್ಟದೇ ತಿಳಿಯಬಹುದು. ವಿಂಡೋಸ್‌ನಲ್ಲಿ Ctrl + Shift + Esc ಒತ್ತಿ Task Manager ತೆರೆಯಬೇಕು. ಅದರಲ್ಲಿ Performance, ಆಮೇಲೆ Memory ಒತ್ತಿದರೆ ಕೆಳಗೆ ವಿವರ ಬರುತ್ತೆ.

ಅಲ್ಲಿ Slots used: 1 of 2 ಅಂತ, Form factor: SODIMM ಅಂತ ಇದ್ದರೆ ಒಂದು ಸ್ಲಾಟ್ ಖಾಲಿ ಇದೆ ಅಂತ ಲೆಕ್ಕ. Row of chips ಅಂತ ತೋರಿಸಿದರೆ ಈಗಿರೋ ರ್‍ಯಾಮ್ ಬೆಸುಗೆ ಹಾಕಿದ್ದು. ಕೆಲವು ಮಾಡೆಲ್‌ಗಳಲ್ಲಿ ಅರ್ಧ ರ್‍ಯಾಮ್ ಬೆಸುಗೆ, ಅರ್ಧ ಸ್ಲಾಟ್ ಇರುತ್ತೆ. ಹಾಗಾಗಿ ಹಿಂಬದಿಯಲ್ಲಿರೋ ಮಾಡೆಲ್ ನಂಬರ್ ಬರೆದುಕೊಂಡು ಕಂಪನಿ ವೆಬ್‌ಸೈಟ್‌ನಲ್ಲಿ ಸರ್ವಿಸ್ ಮ್ಯಾನುಯಲ್ ನೋಡೋದು ಒಳ್ಳೇದು. ರ್‍ಯಾಮ್ ಡಿಡಿಆರ್ 4 ಬೇಕೋ ಡಿಡಿಆರ್ 5 ಬೇಕೋ ಅನ್ನೋದೂ ಅದರಲ್ಲೇ ಇರುತ್ತೆ. ಎರಡರ ಕಚ್ಚಿನ ಜಾಗ ಬೇರೆ ಬೇರೆ, ಒಂದರ ಸ್ಲಾಟ್‌ಗೆ ಇನ್ನೊಂದು ಕೂರಲ್ಲ. ವಾರಂಟಿ ಇನ್ನೂ ಇದ್ದರೆ, ಬಿಚ್ಚಿದರೆ ಅದು ಉಳಿಯುತ್ತಾ ಅಂತ ಕಸ್ಟಮರ್ ಕೇರ್‌ಗೆ ಮೊದಲೇ ಫೋನ್ ಮಾಡಿ ಕೇಳಬೇಕು.

ಟೂಲ್‌ಕಿಟ್: ಆರೇ ಸಾಮಾನು ಸಾಕು

ಐವತ್ತು ಬಿಟ್ ಇರೋ ದೊಡ್ಡ ಡಬ್ಬಿ ಬೇಕಾಗಿಲ್ಲ. ಬೇಕಾದ್ದು ಇಷ್ಟೇ: ಪಿಎಚ್ 0 ಮತ್ತು ಪಿಎಚ್ 00 ಸ್ಕ್ರೂಡ್ರೈವರ್, ಪ್ಲಾಸ್ಟಿಕ್ ಮೀಟುಪಟ್ಟಿ, ಮೊಂಡು ತುದಿಯ ಚಿಮಟ, ಮೆತ್ತನೆ ಬ್ರಷ್, ಖಾನೆ ಇರೋ ಮಾತ್ರೆ ಡಬ್ಬಿ ಮತ್ತು ಆಂಟಿ ಸ್ಟ್ಯಾಟಿಕ್ ರಿಸ್ಟ್ ಸ್ಟ್ರಾಪ್. ಮೀಟುಪಟ್ಟಿ ಸಿಗದಿದ್ದರೆ ಗಿಟಾರ್ ನುಡಿಸೋ ಪ್ಲಾಸ್ಟಿಕ್ ಪಿಕ್ ಆಗುತ್ತೆ. ಚಾಕು, ಚಪ್ಪಟೆ ಸ್ಕ್ರೂಡ್ರೈವರ್ ಮಾತ್ರ ಬೇಡ, ಜಾರಿದರೆ ಬೋರ್ಡ್ ಮೇಲಿನ ಗೆರೆಯೇ ಕಿತ್ತು ಬರುತ್ತೆ.

ಇದರಲ್ಲಿ ಕಾಸು ಉಳಿಸಬಾರದ್ದು ಸ್ಕ್ರೂಡ್ರೈವರ್‌ನಲ್ಲಿ. ಕಳಪೆ ತುದಿ, ಇಲ್ಲವೇ ಅಳತೆ ತಪ್ಪಿದ ತುದಿ ಸ್ಕ್ರೂ ತಲೆಯೊಳಗೆ ತಿರುಗಿ ತಿರುಗಿ ಗಾಡಿಯನ್ನೇ ಸವೆಸಿಬಿಡುತ್ತೆ. ಆಮೇಲೆ ಆ ಸ್ಕ್ರೂ ತೆಗೆಯೋಕೆ ಅಂಗಡಿಗೇ ಹೋಗಬೇಕು. ತುದಿಯನ್ನು ಸ್ಕ್ರೂ ಮೇಲೆ ಇಟ್ಟಾಗ ಅಲ್ಲಾಡದೆ ನಿಂತರೆ ಅಳತೆ ಸರಿ ಇದೆ ಅಂತ ಅರ್ಥ. ತಿರುಗಿಸೋ ಬಲಕ್ಕಿಂತ ಕೆಳಕ್ಕೆ ಒತ್ತೋ ಬಲ ಜಾಸ್ತಿ ಇರಬೇಕು.

ಮಾತ್ರೆ ಡಬ್ಬಿ ಯಾಕೆ ಅಂದರೆ ಹಿಂಬದಿಯ ಸ್ಕ್ರೂಗಳೆಲ್ಲ ಒಂದೇ ಉದ್ದ ಇರಲ್ಲ. ಒಂದು ಹಾಳೆ ಮೇಲೆ ಲ್ಯಾಪ್‌ಟಾಪ್ ಹಿಂಬದಿಯ ಚಿತ್ರ ಬರೆದು ತೂತುಗಳಿಗೆ ನಂಬರ್ ಕೊಟ್ಟು, ಅದೇ ನಂಬರಿನ ಖಾನೆಗೆ ಸ್ಕ್ರೂ ಹಾಕಿದರೆ ವಾಪಸ್ ಹಾಕುವಾಗ ಗೊಂದಲ ಆಗಲ್ಲ.

ಕಣ್ಣಿಗೆ ಕಾಣದ ಶಾಕ್

ಚಳಿಗಾಲದ ಬೆಳಿಗ್ಗೆ ಸ್ವೆಟರ್ ಬಿಚ್ಚುವಾಗ ಚಟಪಟ ಅನ್ನುತ್ತಲ್ಲ, ಅದೇ ಸ್ಟ್ಯಾಟಿಕ್. ಪಾಲಿಸ್ಟರ್ ಬಟ್ಟೆ ಪ್ಲಾಸ್ಟಿಕ್ ಕುರ್ಚಿಗೆ ಉಜ್ಜಿದಾಗ, ಕಂಬಳಿ ಮೇಲೆ ಕೂತು ಎದ್ದಾಗ ಮೈಯಲ್ಲಿ ವಿದ್ಯುತ್ ಅಂಶ ಕೂಡಿಕೊಳ್ಳುತ್ತೆ. ಕೈಗೆ ಚುರುಕ್ ಅನ್ನಬೇಕಾದರೆ ಅದು ಸುಮಾರು 3,000 ವೋಲ್ಟ್ ಆಗಿರಬೇಕು. ಕೆಲವು ಚಿಪ್‌ಗಳು ಹಾಳಾಗೋಕೆ 100 ವೋಲ್ಟ್ ಕೂಡ ಬೇಡ. ಅಂದರೆ ಕೈಗೆ ಏನೂ ಗೊತ್ತಾಗದೆಯೇ ಚಿಪ್‌ಗೆ ಏಟು ಬಿದ್ದಿರಬಹುದು. ಎಷ್ಟೋ ಸಲ ಅದು ತಕ್ಷಣ ಸಾಯಲ್ಲ, ಪೆಟ್ಟು ತಿಂದು ವಾರಗಳ ನಂತರ ಕೈಕೊಡುತ್ತೆ.

ಗಾಳಿ ಒಣಗಿದಷ್ಟೂ ಸ್ಟ್ಯಾಟಿಕ್ ಜಾಸ್ತಿ. ಮಲೆನಾಡಿನ ಮಳೆಗಾಲದಲ್ಲಿ ಇದರ ಕಾಟ ಕಡಿಮೆ, ರಾಯಚೂರು, ಬಳ್ಳಾರಿ ಕಡೆಯ ಒಣಹವೆಯಲ್ಲಿ ಹೆಚ್ಚು. ಹಾಗಾಗಿ ಮಂಚದ ಹಾಸಿಗೆ ಮೇಲೆ ಬಿಚ್ಚೋ ಅಭ್ಯಾಸ ಬಿಡಬೇಕು. ಮರದ ಟೇಬಲ್, ಹತ್ತಿ ಬಟ್ಟೆ, ಬರಿಗಾಲು, ಇಷ್ಟಿದ್ದರೆ ಅರ್ಧ ಕಾಟ ಹೋಯಿತು.

ಉಳಿದರ್ಧಕ್ಕೆ ರಿಸ್ಟ್ ಸ್ಟ್ರಾಪ್. ಪಟ್ಟಿ ಮಣಿಕಟ್ಟಿನ ಚರ್ಮಕ್ಕೆ ತಾಗುವಂತೆ ಇರಬೇಕು, ಅಂಗಿ ತೋಳಿನ ಮೇಲಲ್ಲ. ಅದರ ಕ್ಲಿಪ್ಪನ್ನು ಬಿಚ್ಚಿದ ಲ್ಯಾಪ್‌ಟಾಪ್‌ನ ಒಳಗಿನ ಬರೀ ಲೋಹದ ಭಾಗಕ್ಕೆ ಹಾಕಬೇಕು. ಆಗ ಮೈ ಮತ್ತು ಲ್ಯಾಪ್‌ಟಾಪ್ ಎರಡೂ ಒಂದೇ ಮಟ್ಟಕ್ಕೆ ಬರುತ್ತವೆ, ನಡುವೆ ಕಿಡಿ ಹಾರೋಕೆ ಕಾರಣವೇ ಇರಲ್ಲ. ಸ್ಟ್ರಾಪ್ ಇಲ್ಲದಿದ್ದರೆ ರ್‍ಯಾಮ್ ಮುಟ್ಟೋ ಮುಂಚೆ ಪ್ರತಿ ಸಲ ಆ ಲೋಹದ ಭಾಗವನ್ನು ಮುಟ್ಟಬೇಕು, ಕುರ್ಚಿಯಿಂದ ಎದ್ದು ಕೂತರೆ ಮತ್ತೆ ಮುಟ್ಟಬೇಕು.

ಒಂದು ಮಾತು ಮರೆಯಬಾರದು. ಸ್ಟ್ರಾಪ್‌ನ ವೈರನ್ನು ಗೋಡೆಯ ಪ್ಲಗ್ ಪಾಯಿಂಟ್‌ನ ಅರ್ತ್ ತೂತಿಗೆ ತುರುಕೋದು ಜೀವಕ್ಕೇ ಅಪಾಯ. ಹಳೇ ಕಟ್ಟಡಗಳಲ್ಲಿ ಅರ್ತಿಂಗ್ ಸರಿ ಇದೆ ಅನ್ನೋ ಖಾತ್ರಿ ಇಲ್ಲ, ವೈರಿಂಗ್ ಅದಲು ಬದಲಾಗಿದ್ದರೆ ಕರೆಂಟ್ ನೇರ ಕೈಗೆ ಬರುತ್ತೆ. ಒಳ್ಳೆ ಸ್ಟ್ರಾಪ್ ಒಳಗೆ 10 ಲಕ್ಷ ಓಮ್ ರೆಸಿಸ್ಟರ್ ಇರುತ್ತೆ, 230 ವೋಲ್ಟ್ ತಗುಲಿದರೂ ಕಾಲು ಮಿಲಿ ಆಂಪಿಯರ್‌ಗಿಂತ ಹೆಚ್ಚು ಹರಿಯೋಕೆ ಬಿಡಲ್ಲ. ಮನೆಯಲ್ಲೇ ವೈರ್ ಸುತ್ತಿ ಮಾಡಿಕೊಂಡ ಸ್ಟ್ರಾಪ್‌ನಲ್ಲಿ ಆ ರಕ್ಷಣೆ ಇರಲ್ಲ.

ಒಂದು ಭಾನುವಾರದ ಕೆಲಸ, ಹಂತ ಹಂತವಾಗಿ

ಬಿಸಿಎ ಎರಡನೇ ವರ್ಷದ ಒಬ್ಬ ವಿದ್ಯಾರ್ಥಿಯ ಹತ್ತಿರ 8 ಜಿಬಿ ಲ್ಯಾಪ್‌ಟಾಪ್ ಇದೆ, ಒಂದು ಸ್ಲಾಟ್ ಖಾಲಿ, 8 ಜಿಬಿಯ ಡಿಡಿಆರ್ 4 ರ್‍ಯಾಮ್ ತಂದಿದ್ದಾನೆ ಅಂತ ಇಟ್ಟುಕೊಳ್ಳೋಣ. ಕೆಲಸ ಹಗಲಲ್ಲೇ ಇಟ್ಟುಕೊಳ್ಳಬೇಕು, ಮಧ್ಯದಲ್ಲಿ ಕರೆಂಟ್ ಹೋದರೂ ಕಿಟಕಿ ಬೆಳಕು ಇರುತ್ತೆ. ಪ್ರಾಜೆಕ್ಟ್ ಫೈಲ್‌ಗಳ ಒಂದು ಕಾಪಿ ಪೆನ್‌ಡ್ರೈವ್‌ಗೆ ಹೋಗಲಿ.

ಮೊದಲು ಪೂರ್ತಿ ಶಟ್‌ಡೌನ್. ವಿಂಡೋಸ್‌ನ ಮಾಮೂಲಿ ಶಟ್‌ಡೌನ್‌ನಲ್ಲಿ ಒಂದಿಷ್ಟು ಸ್ಥಿತಿ ಡಿಸ್ಕ್‌ನಲ್ಲಿ ಉಳಿಯುತ್ತೆ. ಅದು ಬೇಡ ಅಂದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಟೈಪ್ ಮಾಡಬಹುದು:

```
shutdown /s /t 0
```

ನಂತರ ಚಾರ್ಜರ್, ಮೌಸ್, ಪೆನ್‌ಡ್ರೈವ್ ಎಲ್ಲಾ ಕಿತ್ತು, ಮುಚ್ಚಳ ಮುಚ್ಚಿ, ಮೆತ್ತನೆ ಹತ್ತಿ ಟವೆಲ್ ಮೇಲೆ ಬೋರಲು ಹಾಕಬೇಕು. ಸ್ಕ್ರೂ ಎಲ್ಲಾ ತೆಗೆದ ಮೇಲೂ ಕವರ್ ಏಳದಿದ್ದರೆ ಬಲ ಹಾಕಬಾರದು. ರಬ್ಬರ್ ಪಾದದ ಕೆಳಗೆ ಒಂದೆರಡು ಸ್ಕ್ರೂ ಅಡಗಿರಬಹುದು. ಸ್ಕ್ರೂ ಪೂರ್ತಿ ಬಂದ ಮೇಲೆ ಮೀಟುಪಟ್ಟಿಯನ್ನು ಸಂದಿಗೆ ಇಟ್ಟು ಸುತ್ತಲೂ ನಿಧಾನಕ್ಕೆ ಜಾರಿಸಿದರೆ ಲಾಕ್‌ಗಳು ಒಂದೊಂದಾಗಿ ಟಕ್ ಟಕ್ ಅಂತ ಬಿಡುತ್ತವೆ.

ಕವರ್ ತೆಗೆದ ತಕ್ಷಣ ಫೋನ್‌ನಲ್ಲಿ ಒಂದು ಫೋಟೋ. ಆಮೇಲೆ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸೋದು. ಲ್ಯಾಪ್‌ಟಾಪ್ ಆಫ್ ಆಗಿದ್ದರೂ ಬ್ಯಾಟರಿಯಿಂದ ಬೋರ್ಡ್‌ನ ಕೆಲವು ಭಾಗಕ್ಕೆ ಕರೆಂಟ್ ಹೋಗುತ್ತಲೇ ಇರುತ್ತೆ. ವೈರ್ ಹಿಡಿದು ಎಳೆಯಬಾರದು. ಕನೆಕ್ಟರ್‌ನ ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ಕೊಟ್ಟು ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪ ಜರುಗಿಸಬೇಕು. ಬಿಟ್ಟ ಮೇಲೆ ಪವರ್ ಬಟನ್ ಅನ್ನು 15 ಸೆಕೆಂಡ್ ಒತ್ತಿ ಹಿಡಿದರೆ ಉಳಿದ ಕರೆಂಟೂ ಖಾಲಿಯಾಗುತ್ತೆ.

ಈಗ ಸ್ಟ್ರಾಪ್ ಕಟ್ಟಿ, ರ್‍ಯಾಮ್ ಅನ್ನು ಅದರ ಕವರ್‌ನಿಂದ ತೆಗೆಯಬೇಕು. ಮೊದಲೇ ತೆಗೆದು ಟೇಬಲ್ ಮೇಲೆ ಇಡೋದು ಬೇಡ. ಅಂಚು ಮಾತ್ರ ಹಿಡಿದು, ಚಿನ್ನದ ಬಣ್ಣದ ಹಲ್ಲುಗಳಿಗೆ ಬೆರಳು ತಾಗಿಸದೆ, ಕಚ್ಚು ಸರಿಹೊಂದಿಸಿ ಸುಮಾರು 30 ಡಿಗ್ರಿ ಓರೆಯಲ್ಲಿ ಸ್ಲಾಟ್‌ಗೆ ತಳ್ಳಬೇಕು. ಹಲ್ಲುಗಳು ಬಹುತೇಕ ಒಳಗೆ ಹೋದ ಮೇಲೆ ಕೆಳಕ್ಕೆ ಒತ್ತಿದರೆ ಎರಡು ಬದಿಯ ಕ್ಲಿಪ್‌ಗಳು ಟಕ್ಕಂತ ಹಿಡಿಯುತ್ತವೆ.

ಒಳಗಿನ ಫ್ಯಾನ್‌ನಲ್ಲಿ ಧೂಳು ಕಂಡರೆ ರೆಕ್ಕೆಯನ್ನು ಒಂದು ಬೆರಳಲ್ಲಿ ಹಿಡಿದು, ತಿರುಗದಂತೆ ನೋಡಿಕೊಂಡು ಬ್ರಷ್ ಆಡಿಸಬಹುದು. ಬಾಯಲ್ಲಿ ಊದಿದರೆ ಉಗುಳು ಸಿಡಿಯುತ್ತೆ, ಮನೆಯ ವ್ಯಾಕ್ಯೂಮ್ ಕ್ಲೀನರ್ ತುದಿಯಲ್ಲಿ ಸ್ಟ್ಯಾಟಿಕ್ ಕೂಡುತ್ತೆ. ಎರಡೂ ಬೇಡ. ಕೊನೆಗೆ ಬ್ಯಾಟರಿ ಕನೆಕ್ಟರ್ ಹಾಕಿ, ಕವರ್ ಕೂರಿಸಿ, ನಂಬರ್ ಪ್ರಕಾರ ಸ್ಕ್ರೂ ಹಾಕಬೇಕು. ಸ್ಕ್ರೂ ಮಧ್ಯದಲ್ಲೇ ಬಿಗಿಯಾದರೆ ಅದು ಬೇರೆ ತೂತಿನದ್ದು, ಅಲ್ಲೇ ನಿಲ್ಲಿಸಬೇಕು.

ಸ್ಕ್ರೀನ್ ಕಪ್ಪಗಿದ್ದರೆ?

ಗಾಬರಿ ಬೇಡ. ಹೊಸ ರ್‍ಯಾಮ್ ಹಾಕಿದ ಮೇಲೆ ಮೊದಲ ಸಲ ಆನ್ ಆಗೋಕೆ ಹೆಚ್ಚು ಹೊತ್ತು ಹಿಡಿಯುತ್ತೆ, ಡಿಡಿಆರ್ 5 ಆದರೆ ಕೆಲವು ನಿಮಿಷವೇ ಆಗಬಹುದು. ಆಮೇಲೂ ಏನೂ ಬಾರದಿದ್ದರೆ ಬಹುತೇಕ ರ್‍ಯಾಮ್ ಸರಿಯಾಗಿ ಕೂತಿರಲ್ಲ. ಮತ್ತೆ ಬ್ಯಾಟರಿ ಬಿಡಿಸಿ, ತೆಗೆದು ಕೂರಿಸಬೇಕು. ಹೊಸದನ್ನು ತೆಗೆದು ಹಳೇದರಲ್ಲಿ ಆನ್ ಆದರೆ ಲ್ಯಾಪ್‌ಟಾಪ್ ಸರಿ ಇದೆ, ತಂದ ರ್‍ಯಾಮ್‌ನಲ್ಲೇ ದೋಷ ಇಲ್ಲವೇ ಅದು ಹೊಂದುತ್ತಿಲ್ಲ. ಅದನ್ನು ಬಿಲ್ ಸಮೇತ ಅಂಗಡಿಗೆ ವಾಪಸ್ ಒಯ್ಯಬಹುದು. ಆನ್ ಆಗಿಯೂ ಆಗಾಗ ನೀಲಿ ಪರದೆ ಬರುತ್ತಿದ್ದರೆ mdsched.exe ರನ್ ಮಾಡಿದರೆ ವಿಂಡೋಸ್ ತಾನೇ ರ್‍ಯಾಮ್ ಪರೀಕ್ಷೆ ಮಾಡುತ್ತೆ.

ಇಂಥದ್ದನ್ನು ಮುಟ್ಟಲೇಬೇಡಿ

ಲ್ಯಾಪ್‌ಟಾಪ್ ಸಮತಟ್ಟು ಟೇಬಲ್ ಮೇಲೆ ಇಟ್ಟಾಗ ಅಲ್ಲಾಡುತ್ತಾ? ಟಚ್‌ಪ್ಯಾಡ್ ಮೇಲಕ್ಕೆ ಎದ್ದಿದೆಯಾ? ಹಿಂಬದಿ ಕವರ್ ಸಂದಿ ಬಿಟ್ಟಿದೆಯಾ? ಹಾಗಿದ್ದರೆ ಬ್ಯಾಟರಿ ಊದಿಕೊಂಡಿರೋ ಸಾಧ್ಯತೆ ಇದೆ. ಅದಕ್ಕೆ ಮೀಟುಪಟ್ಟಿ ಚುಚ್ಚಿದರೆ ಬೆಂಕಿ ಹತ್ತಬಹುದು. ಚಾರ್ಜ್‌ಗೆ ಹಾಕೋದು ನಿಲ್ಲಿಸಿ, ಆಫ್ ಮಾಡಿ, ಹಾಸಿಗೆ, ಪುಸ್ತಕದಿಂದ ದೂರ ಇಟ್ಟು ಸರ್ವಿಸ್ ಸೆಂಟರ್‌ಗೆ ಒಯ್ಯಬೇಕು. ನೀರು, ಚಹಾ ಚೆಲ್ಲಿದ ಲ್ಯಾಪ್‌ಟಾಪ್, ಸುಟ್ಟ ವಾಸನೆ ಬರೋ ಲ್ಯಾಪ್‌ಟಾಪ್ ಕೂಡ ಹಾಸ್ಟೆಲ್ ಟೇಬಲ್‌ನ ಕೆಲಸವಲ್ಲ.

ಅಂಗಡಿಗಳಲ್ಲಿ ಬಿಲ್ಲಿಂಗ್‌ಗೆ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೂ ಇದೇ ಕ್ರಮ. ಅವರು ಒಂದು ಹೆಜ್ಜೆ ಮುಂಚೆಯೇ ಮಾಡಬೇಕಾದ್ದು, ಲೆಕ್ಕದ ಡೇಟಾ ಬ್ಯಾಕಪ್ ತೆಗೆದು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡೋದು. ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.